ಗಾಳಿಯಿಲ್ಲದ ಟೈರು: ಕುಳಗೇರಿ ಕ್ರಾಸಿನ ಕಬ್ಬಿನ ಟ್ರೇಲರ್ ಮತ್ತು ಇಳಕಲ್ಲಿನ ಕಲ್ಲುಗಣಿ – ಒಂದು ತೌಲನಿಕ ವಿವೇಚನೆ

ಪೀಠಿಕೆ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ನರಗುಂದವನ್ನು ದಾಟಿದ ಮೇಲೆ, ಕೆರೂರಿಗಿಂತ ಮೊದಲು, ಬಾದಾಮಿ ತಾಲ್ಲೂಕಿನ ಕುಳಗೇರಿ ಕ್ರಾಸ್ ಸಿಗುತ್ತದೆ. ಬಾದಾಮಿಯ ಕಡೆಗೆ ದಾರಿ ಕವಲೊಡೆಯುವ ಈ ಕೂಡುರಸ್ತೆಯಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ನಿಂತು ನೋಡಿದರೆ, ಈ ಸೀಮೆಯ ದುಡಿಮೆಯೆಲ್ಲವೂ ರಬ್ಬರಿನ ಚಕ್ರದ ಮೇಲೆ ಸಾಗುತ್ತಿರುವುದು ಕಾಣುತ್ತದೆ. ಕಬ್ಬು ಹೇರಿದ ಟ್ರೇಲರ್‌ಗಳು, ಮೇವಿನ ಚಕ್ಕಡಿಗಳು, ಕಲ್ಲು ಸಾಗಿಸುವ ಲಾರಿಗಳು ಒಂದರ ಹಿಂದೊಂದು ಹಾಯುತ್ತವೆ. ಅವುಗಳ ಶತ್ರುಗಳೂ ಈ ನೆಲದವೇ ಆಗಿವೆ. ಹೊಲದ ಬದುವಿನಲ್ಲಿ ಕರಿಜಾಲಿ ಮತ್ತು ಬಳ್ಳಾರಿ ಜಾಲಿಯ ಮುಳ್ಳು, ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ಹುನಗುಂದ–ಇಳಕಲ್ಲಿನ ಗ್ರಾನೈಟ್ ಗಣಿಗಳಲ್ಲಿ ಅಲಗಿನಂತೆ ಹರಿತವಾದ ಕಲ್ಲುಚೂರು.

ಕಡಿದ ಕಬ್ಬು ಕಾದು ನಿಲ್ಲುವ ಸರಕಲ್ಲ. ಕಡಿದ ಒಂದು ದಿನದೊಳಗೆ ಅದು ಗಾಣ ಸೇರದಿದ್ದರೆ ತೂಕವೂ ಸಕ್ಕರೆಯ ಅಂಶವೂ ಇಳಿಯತೊಡಗುತ್ತವೆ. ತುಂಬಿದ ಟ್ರೇಲರ್ ರಾತ್ರಿ ಹೆದ್ದಾರಿಯ ಅಂಚಿನಲ್ಲಿ ಟೈರು ಕುಸಿದು ನಿಂತರೆ ರೈತನಿಗೆ ನಷ್ಟವಾಗುವುದಲ್ಲದೆ, ಹಿಂದಿನಿಂದ ಬರುವ ವಾಹನದವರ ಪ್ರಾಣಕ್ಕೂ ಅಪಾಯ ಒದಗುತ್ತದೆ. ಆದುದರಿಂದ ‘ಪಂಕ್ಚರೇ ಆಗದ ಟೈರು’ ಎಂಬ ಮಾತು ಇಲ್ಲಿ ಸಹಜವಾಗಿಯೇ ಕಿವಿ ನಿಮಿರಿಸುತ್ತದೆ. ಘನರಬ್ಬರಿನ ಟೈರು, ಫೋಮ್ ತುಂಬಿದ ಟೈರು, ಕಡ್ಡಿಗಳ ಮೇಲೆ ನಿಲ್ಲುವ ಗಾಳಿರಹಿತ ಟೈರು ಎಂಬ ಮೂರು ಬಗೆಗಳು ಈ ಭರವಸೆಯನ್ನು ಕೊಡುತ್ತವೆ. ಈ ಭರವಸೆ ಸುಳ್ಳಲ್ಲ, ಆದರೆ ಅದಕ್ಕೆ ತೆರಬೇಕಾದ ಬೆಲೆ ಭಾರ, ತಾಡನ ಮತ್ತು ಶಾಖ ಎಂಬ ಮೂರು ರೂಪಗಳಲ್ಲಿ ಬರುತ್ತದೆ. ಆ ಬೆಲೆ ಎಲ್ಲಿ ತಾಳಿಕೆಯಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದನ್ನು ಇದೇ ಜಿಲ್ಲೆಯ ಎರಡು ಚಕ್ರಗಳ ಲೆಕ್ಕದ ಮೂಲಕ ನಿರ್ಣಯಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಗಾಳಿ ಮಾಡುವ ಕೆಲಸ

ಟೈರಿನ ರಬ್ಬರು ಭಾರ ಹೊರುತ್ತದೆ, ಗಾಳಿ ಅದನ್ನು ಮೆತ್ತಗೆ ಇಡುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಭಾರದ ಬಹುಪಾಲನ್ನು ಹೊರುವುದು ಗಾಳಿಯ ಒತ್ತಡವೇ. ರಬ್ಬರು ಮತ್ತು ಅದರೊಳಗಿನ ನೂಲಿನ ಪದರಗಳು ಆ ಗಾಳಿಯನ್ನು ಹಿಡಿದಿಡುವ ಚೀಲ ಮಾತ್ರ. ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ ಬಳಕೆಯಲ್ಲಿರುವ 9.00-16 ಅಳತೆಯ ಟೈರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಮೇಲೆ 2 ಟನ್ ಭಾರವಿದ್ದು, ಒಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಇದ್ದರೆ, ಟೈರು ನೆಲದ ಮೇಲೆ ಸುಮಾರು 400 ಚದರ ಸೆಂ.ಮೀ. ಚಪ್ಪಟೆಯಾಗಿ ಊರಿಕೊಳ್ಳುತ್ತದೆ. ಎಂದರೆ ಒಂದು ಗೇಣಿನಷ್ಟು ಉದ್ದ, ಅಷ್ಟೇ ಅಗಲದ ಗುರುತು. ಭಾರ ಹೆಚ್ಚಿದರೆ ಗುರುತು ತಾನಾಗಿಯೇ ದೊಡ್ಡದಾಗುತ್ತದೆ, ಗಾಳಿ ಹೆಚ್ಚಿಸಿದರೆ ಚಿಕ್ಕದಾಗುತ್ತದೆ.

ಈ ವ್ಯವಸ್ಥೆಯಲ್ಲಿ ಮೂರು ಗುಣಗಳು ಅಡಗಿವೆ. ಮೊದಲನೆಯದಾಗಿ, ಗಾಳಿಗೆ ತೂಕವೇ ಇಲ್ಲವೆನ್ನಬಹುದು. ಮೇಲಿನ ಟೈರಿನ ಒಳಗಾತ್ರ ಸುಮಾರು 65ರಿಂದ 70 ಲೀಟರ್. ಅಷ್ಟು ಒತ್ತಡದಲ್ಲಿ ಅದರಲ್ಲಿ ತುಂಬಿರುವ ಗಾಳಿಯ ತೂಕ ಅರ್ಧ ಕಿಲೋ ಕೂಡ ಮೀರದು. ಎರಡನೆಯದಾಗಿ, ಗಾಳಿಯನ್ನು ಅದುಮಿ ಬಿಟ್ಟರೆ ಅದುಮಲು ವ್ಯಯಿಸಿದ ಶಕ್ತಿಯನ್ನು ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂತಿರುಗಿಸುತ್ತದೆ. ರಬ್ಬರು ಹಾಗಲ್ಲ. ಅದನ್ನು ಪ್ರತಿ ಬಾರಿ ಬಗ್ಗಿಸಿದಾಗಲೂ ಶಕ್ತಿಯ ಒಂದು ಪಾಲನ್ನು ತನ್ನಲ್ಲೇ ಉಳಿಸಿಕೊಂಡು ಶಾಖವಾಗಿ ಮಾರ್ಪಡಿಸುತ್ತದೆ. ಮೂರನೆಯದಾಗಿ, ಗಾಳಿಯ ಒತ್ತಡವನ್ನು ಕೆಲಸಕ್ಕೆ ತಕ್ಕಂತೆ ಬದಲಿಸಬಹುದು. ಎರೆಹೊಲಕ್ಕಿಳಿಯುವ ಟ್ರ್ಯಾಕ್ಟರಿನ ಹಿಂಗಾಲಿಗೆ ಗಾಳಿ ಇಳಿಸಿದರೆ ಗುರುತು ಅಗಲವಾಗಿ ಮಣ್ಣು ಕಡಿಮೆ ಅದುಮುತ್ತದೆ, ಡಾಂಬರು ರಸ್ತೆಗೆ ಬಂದಾಗ ಏರಿಸಿಕೊಳ್ಳಬಹುದು.

ಈ ಗುಣಗಳಿಗಾಗಿಯೇ ಜಗತ್ತು ಘನರಬ್ಬರಿನಿಂದ ಗಾಳಿಯ ಟೈರಿಗೆ ಹೊರಳಿತು ಎಂಬುದನ್ನು ನೆನೆಯಬೇಕು. ರಾಬರ್ಟ್ ವಿಲಿಯಂ ಥಾಮ್ಸನ್ ಬ್ರಿಟನ್ನಿನಲ್ಲಿ ಗಾಳಿ ಟೈರಿಗೆ ಪೇಟೆಂಟ್ ಪಡೆದದ್ದು 1845ರಲ್ಲಿ. ಅದು ಮರೆಗೆ ಸರಿದ ಮೇಲೆ ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟಿನಲ್ಲಿ 1888ರಲ್ಲಿ ಅದನ್ನು ಮತ್ತೆ ಕಂಡುಕೊಂಡ. ಆದರೂ ಭಾರದ ಲಾರಿಗಳು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಘನರಬ್ಬರಿನ ಮೇಲೆಯೇ ಓಡುತ್ತಿದ್ದವು. 1920ರ ದಶಕದಲ್ಲಿ ವೇಗ ಮತ್ತು ದೂರ ಬೆಳೆದಂತೆ ಅವು ಗಾಳಿಗೆ ದಾರಿಮಾಡಿಕೊಟ್ಟವು. ಆದ್ದರಿಂದ ಗಾಳಿಯಿಲ್ಲದ ಟೈರು ಹೊಸ ವಿಚಾರವಲ್ಲ. ಒಮ್ಮೆ ಬಿಟ್ಟುಬಂದ ದಾರಿಗೆ ಹೊಸ ಸಾಮಗ್ರಿಗಳೊಡನೆ ಮರಳುವ ಪ್ರಯತ್ನವದು.

ಮೂರು ಬಗೆಯ ಬದಲಿಗಳು

ಮೊದಲನೆಯದು ಘನರಬ್ಬರಿನ ಟೈರು. ರಿಮ್ಮಿಗೆ ಬಿಗಿಯಾಗಿ ಹಿಡಿಯುವ ಗಟ್ಟಿ ತಳಪದರ, ಅದರ ಮೇಲೆ ಮೆತುವಾದ ನಡುಪದರ, ಸವೆತ ತಡೆಯುವ ಮೇಲ್ಪದರ ಹೀಗೆ ಎರಡು ಅಥವಾ ಮೂರು ರಬ್ಬರುಗಳಿಂದ ಅದನ್ನು ಕಟ್ಟಿರುತ್ತಾರೆ. ಗೋದಾಮುಗಳ ಫೋರ್ಕ್‌ಲಿಫ್ಟ್‌ಗಳಲ್ಲಿ ಇದು ಸಾಮಾನ್ಯ. ದೊಡ್ಡ ಯಂತ್ರಗಳ ಘನಟೈರಿನ ಪಕ್ಕೆಗಳಲ್ಲಿ ಸಾಲಾಗಿ ತೂತುಗಳನ್ನು ಬಿಟ್ಟಿರುವುದುಂಟು. ಅವು ಅಲಂಕಾರವಲ್ಲ. ರಬ್ಬರಿಗೆ ಬಾಗಲು ಎಡೆಕೊಟ್ಟು ತಾಡನವನ್ನು ಸ್ವಲ್ಪ ತಗ್ಗಿಸುವ ಉಪಾಯ.

ಎರಡನೆಯದು ಫೋಮ್ ತುಂಬಿದ ಟೈರು. ಇಲ್ಲಿ ಹೆಸರೇ ದಾರಿತಪ್ಪಿಸುತ್ತದೆ. ಹಾಸಿಗೆಯ ಫೋಮಿನಂತೆ ಗುಳ್ಳೆಗಳಿಂದ ಕೂಡಿದ ಹಗುರ ವಸ್ತುವಲ್ಲ ಅದು. ಭಾರದ ಯಂತ್ರಗಳಿಗೆ ತುಂಬುವುದು ಎರಡು ದ್ರವಗಳು ಬೆರೆತು ಹೆಪ್ಪುಗಟ್ಟಿ ಮೆತ್ತನೆಯ ರಬ್ಬರಿನಂತಾಗುವ ಪಾಲಿಯುರೆಥೇನ್. ಅದರ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ, ಎಂದರೆ ಒಂದು ಲೀಟರಿಗೆ ಸುಮಾರು ಒಂದು ಕಿಲೋ. ಸಾಧಾರಣ ಗಾಳಿಟೈರನ್ನೇ ರಿಮ್ಮಿಗೆ ಕೂರಿಸಿ, ಭಾರ ಬೀಳದಂತೆ ಎತ್ತಿ ನಿಲ್ಲಿಸಿ, ವಾಲ್ವಿನ ಮೂಲಕ ಈ ದ್ರವವನ್ನು ಪಂಪಿನಿಂದ ಒಳಕ್ಕೆ ಒತ್ತುತ್ತಾರೆ. ಒಳಗಿನ ಗಾಳಿ ಹೊರಹೋಗಲು ಟೈರಿನ ಮೇಲ್ಭಾಗದಲ್ಲಿ ಸಣ್ಣ ರಂಧ್ರ ಕೊರೆದಿರುತ್ತಾರೆ. ದ್ರವ ಅಲ್ಲಿಂದ ಇಣುಕಿದಾಗ ಅದನ್ನು ಮುಚ್ಚಿ, ಬೇಕಾದ ಒತ್ತಡ ಬರುವವರೆಗೆ ಇನ್ನಷ್ಟು ತುಂಬಿ, ಹೆಪ್ಪುಗಟ್ಟಲು ಒಂದೆರಡು ದಿನ ಬಿಡುತ್ತಾರೆ. ಆಮೇಲೆ ಆ ಒತ್ತಡ ಶಾಶ್ವತ. ಏರಿಸುವುದಕ್ಕೂ ಇಳಿಸುವುದಕ್ಕೂ ಬರುವುದಿಲ್ಲ.

ಮೂರನೆಯದು ಕಡ್ಡಿಗಳ ಗಾಳಿರಹಿತ ಚಕ್ರ. ಮಿಶೆಲಿನ್ ಕಂಪನಿ ‘ಟ್ವೀಲ್’ ಎಂಬ ಹೆಸರಿನಲ್ಲಿ ಇದನ್ನು 2005ರಲ್ಲಿ ಪ್ರದರ್ಶಿಸಿತು. ಗುಂಬಕ್ಕೂ ಹೊರವರ್ತುಲಕ್ಕೂ ನಡುವೆ ಬಾಗುವ ಪಾಲಿಯುರೆಥೇನ್ ಕಡ್ಡಿಗಳಿರುತ್ತವೆ. ಹೊರವರ್ತುಲ ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗುತ್ತದೆ. ಕೆಳಗಿನ ಕಡ್ಡಿಗಳು ಮಡಚಿಕೊಳ್ಳುತ್ತವೆ, ಮೇಲಿನವು ಎಳೆತದಿಂದ ಭಾರವನ್ನು ತೂಗಿ ಹಿಡಿಯುತ್ತವೆ. ಮೂರರಲ್ಲಿ ಇದೇ ಹಗುರವಾದುದು, ಗಾಳಿಯ ಗುಣಕ್ಕೆ ಹತ್ತಿರವಾದುದೂ ಇದೇ. ಆದರೆ ಗಂಟೆಗೆ 80 ಕಿ.ಮೀ. ಮೀರಿದ ವೇಗದಲ್ಲಿ ಆರಂಭದ ಮಾದರಿಗಳು ವಿಪರೀತ ಕಂಪಿಸಿ ಸದ್ದುಮಾಡುತ್ತಿದ್ದವು. ಆದ್ದರಿಂದ ಅದು ಮೊದಲು ನೆಲೆಯೂರಿದ್ದು ಮೋಟಾರುಕಾರುಗಳಲ್ಲಲ್ಲ, ನಿಧಾನವಾಗಿ ಚಲಿಸುವ ಪುಟ್ಟ ಲೋಡರ್‌ಗಳಲ್ಲಿ ಮತ್ತು ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ. ಜನರಲ್ ಮೋಟಾರ್ಸ್ ಜೊತೆಗೂಡಿ ಅದೇ ಕಂಪನಿ 2019ರಲ್ಲಿ ಕಾರುಗಳಿಗಾಗಿ ‘ಅಪ್ಟಿಸ್’ ಎಂಬ ಮಾದರಿಯನ್ನು ಪ್ರಕಟಿಸಿತು. ನಮ್ಮ ಎರೆಭೂಮಿಯಲ್ಲಿ ಇಂಥ ಚಕ್ರಕ್ಕೆ ಇನ್ನೊಂದು ತೊಡಕಿದೆ. ತೆರೆದ ಕಡ್ಡಿಗಳ ನಡುವೆ ಮೆತ್ತಿಕೊಂಡ ಎರೆಮಣ್ಣು ಒಣಗಿ ಗಟ್ಟಿಯಾದರೆ ಕಡ್ಡಿಗಳು ಬಾಗಲಾರವು. ಸಿಕ್ಕಿಬಿದ್ದ ಕಲ್ಲು ಅವನ್ನು ಕತ್ತರಿಸಲೂಬಹುದು. ಈ ಕಾರಣಗಳಿಂದ ಮುಂದಿನ ವಿವೇಚನೆ ಮುಖ್ಯವಾಗಿ ಫೋಮ್ ತುಂಬಿದ ಟೈರಿಗೆ ಸಂಬಂಧಿಸಿದೆ. ಇರುವ ಟೈರನ್ನೇ ಬಳಸಿ ಮಾಡಬಹುದಾದ ಪರಿವರ್ತನೆ ಅದೊಂದೇ.

ಭಾರ

ಅರ್ಧ ಕಿಲೋ ಗಾಳಿಯಿದ್ದ ಜಾಗದಲ್ಲಿ ಸುಮಾರು 65ರಿಂದ 70 ಕಿಲೋ ಪಾಲಿಯುರೆಥೇನ್ ಬಂದು ಕೂರುತ್ತದೆ. ನಾಲ್ಕು ಚಕ್ರದ ಟ್ರೇಲರ್‌ಗೆ ಸುಮಾರು 270 ಕಿಲೋ. ಪ್ರತಿ ಖೇಪಿನಲ್ಲೂ ಅಷ್ಟು ಕಬ್ಬನ್ನು ಬಿಟ್ಟು ಹೋಗಬೇಕು, ಇಲ್ಲವೇ ಅಷ್ಟು ಹೆಚ್ಚುವರಿ ಭಾರವನ್ನು ಅಚ್ಚಿನ ಮೇಲೆ ಹೇರಬೇಕು. ಖಾಲಿ ಮರಳುವಾಗಲೂ ಅದು ಜೊತೆಗೇ ಬರುತ್ತದೆ. ಚಕ್ರ ಬಿಚ್ಚಬೇಕಾದಾಗ ಇನ್ನೊಂದು ಕಷ್ಟವಿದೆ. ರಿಮ್ಮು ಸೇರಿ ನೂರು ಕಿಲೋ ದಾಟಿದ ಚಕ್ರವನ್ನು ಚಾಲಕ ಒಬ್ಬನೇ ರಸ್ತೆಯಂಚಿನಲ್ಲಿ ಎತ್ತಿ ಕೂರಿಸಲಾರ.

ಭಾರ ಎಲ್ಲ ಕಡೆಯೂ ದೋಷವೇ ಎನ್ನುವಂತಿಲ್ಲ. ಉಳುಮೆಯಲ್ಲಿ ಜಾರದಿರಲೆಂದು ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ನೀರು ತುಂಬುವ ರೂಢಿ ರೈತರಿಗೆ ಹಳೆಯದು. ಉದಾಹರಣೆಗೆ 13.6-28 ಅಳತೆಯ ಟೈರಿನಲ್ಲಿ ಮುಕ್ಕಾಲು ಪಾಲು ನೀರು ತುಂಬಿದರೆ ಸುಮಾರು 150 ಕಿಲೋ ಭಾರ ಸೇರುತ್ತದೆ. ಆದರೆ ಅಲ್ಲಿ ಉಳಿದ ಕಾಲುಭಾಗ ಗಾಳಿಯೇ ಇರುತ್ತದೆ. ಆ ಗಾಳಿಯೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ, ಬೇಡವಾದಾಗ ನೀರನ್ನು ಹೊರಗೆ ಬಿಡಬಹುದು. ಫೋಮಿಗೆ ಈ ಎರಡು ಅನುಕೂಲಗಳೂ ಇಲ್ಲ.

ಚಕ್ಕಡಿಯ ವಿಷಯದಲ್ಲಿ ಭಾರದ ಪ್ರಶ್ನೆಯನ್ನು ಎತ್ತುಗಳ ಕಡೆಯಿಂದ ನೋಡಬೇಕು. ಬೆಂಗಳೂರಿನ ಭಾರತೀಯ ಪ್ರಬಂಧ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಯನ್ನು ಗಂಭೀರ ಅಧ್ಯಯನದ ವಿಷಯವನ್ನಾಗಿಸಿದ್ದರು. ಗಾಡಿಯ ಸ್ವಂತ ಭಾರ ಮತ್ತು ಉರುಳುವಿಕೆಯ ತಡೆ ಎರಡೂ ಕಡೆಗೆ ಎತ್ತಿನ ಹೆಗಲಿನ ಮೇಲೆಯೇ ಬೀಳುತ್ತವೆ. ಒಂದೂವರೆ ಟನ್ನಿನ ತುಂಬುಗಾಡಿಗೆ ಗಾಳಿಟೈರಿನಲ್ಲಿ ನೂರಕ್ಕೆ 2ರಷ್ಟು ತಡೆಯೆಂದು ಹಿಡಿದರೆ ಎತ್ತುಗಳು 30 ಕಿಲೋ ಬಲದಿಂದ ಎಳೆಯಬೇಕು. ತುಂಬಿದ ಟೈರಿನಲ್ಲಿ ಅದು ನೂರಕ್ಕೆ 3 ಆದರೆ 45 ಕಿಲೋ ಬೇಕು. ಖಿಲಾರಿ ಜೋಡಿಗೆ ಇದು ಎಳೆಯಲಾಗದ ಭಾರವಲ್ಲ, ಆದರೆ ದಿನವಿಡೀ ಒಂದೂವರೆ ಪಟ್ಟು ದುಡಿಮೆ. ಎತ್ತಿನ ನಡಿಗೆಯ ವೇಗದಲ್ಲಿ ಟೈರು ಕಾಯುವ ಭಯವಿಲ್ಲ, ದಣಿವು ಎತ್ತಿಗೆ ಸೇರುತ್ತದೆ.

ತಾಡನ

ಟ್ರೇಲರ್‌ಗಳಲ್ಲಿ ಬಹಳಷ್ಟಕ್ಕೆ ಪಟ್ಟಿ ಸ್ಪ್ರಿಂಗುಗಳು ಇರುವುದಿಲ್ಲ. ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೂ ಗಣಿಯ ಲೋಡರ್‌ಗೂ ಸಾಮಾನ್ಯವಾಗಿ ಇಲ್ಲ. ಅವುಗಳಿಗೆಲ್ಲ ಟೈರೇ ಸ್ಪ್ರಿಂಗು. ಸ್ಪ್ರಿಂಗು ಎಷ್ಟು ಮೆತು ಎಂಬುದನ್ನು ಅಳೆಯಲು ಸುಲಭವಾದ ಒಂದು ಸೂತ್ರವಿದೆ. ಭಾರ ಬಿದ್ದಾಗ ಟೈರು ಎಷ್ಟು ಸೆಂಟಿಮೀಟರ್ ಕುಗ್ಗುತ್ತದೆ ಎಂಬುದನ್ನು δ ಎಂದು ಕರೆದರೆ, ಯಂತ್ರ ಸೆಕೆಂಡಿಗೆ ಎಷ್ಟು ಬಾರಿ ಮೇಲೆಕೆಳಗೆ ಕುಲುಕುತ್ತದೆ ಎಂಬ ಸಂಖ್ಯೆ, f, ಹೀಗೆ ದೊರೆಯುತ್ತದೆ:

f ≈ 5 / √δ

ಗಾಳಿಟೈರು 4 ಸೆಂ.ಮೀ. ಕುಗ್ಗಿದರೆ ಕುಲುಕಾಟ ಸೆಕೆಂಡಿಗೆ ಎರಡೂವರೆ ಬಾರಿ. ಫೋಮ್ ತುಂಬಿ ಕುಗ್ಗುವಿಕೆ 2 ಸೆಂ.ಮೀ.ಗೆ ಇಳಿದರೆ ಸುಮಾರು ಮೂರೂವರೆ ಬಾರಿ. ಘನರಬ್ಬರಿನಲ್ಲಿ ಕುಗ್ಗುವಿಕೆ ಒಂದೇ ಸೆಂಟಿಮೀಟರ್ ಆದರೆ ಐದು ಬಾರಿ. ಈ ಐದು ಎಂಬ ಸಂಖ್ಯೆ ಗಮನಾರ್ಹವಾದುದು. ಕುಳಿತ ಮನುಷ್ಯನ ದೇಹ, ವಿಶೇಷವಾಗಿ ಬೆನ್ನುಹುರಿ ಮತ್ತು ಹೊಟ್ಟೆಯ ಭಾಗ, ಲಂಬವಾದ ಕಂಪನಕ್ಕೆ ಅತಿ ಸೂಕ್ಷ್ಮವಾಗಿ ಸ್ಪಂದಿಸುವುದು ಸೆಕೆಂಡಿಗೆ 4ರಿಂದ 8 ಬಾರಿಯ ವ್ಯಾಪ್ತಿಯಲ್ಲಿ. ಮೆತು ಟೈರು ಕಂಪನವನ್ನು ಆ ವ್ಯಾಪ್ತಿಯಿಂದ ಕೆಳಗಿಡುತ್ತದೆ, ಗಡುಸು ಟೈರು ಅದನ್ನು ನೇರವಾಗಿ ಅದರೊಳಕ್ಕೆ ತಳ್ಳುತ್ತದೆ. ಚಾಲಕನ ಸೊಂಟನೋವನ್ನು ಟೈರಿನ ಲೆಕ್ಕದಲ್ಲಿ ಸೇರಿಸಬೇಕೆನ್ನುವುದಕ್ಕೆ ಇದೇ ಆಧಾರ.

ಟ್ರೇಲರ್ ಮೇಲೆ ಚಾಲಕ ಕೂರುವುದಿಲ್ಲ, ನಿಜ. ಅಲ್ಲಿ ತಾಡನವನ್ನು ಉಣ್ಣುವುದು ಕಬ್ಬಿಣ. ಬೇರಿಂಗು ಬೇಗ ಸವೆಯುತ್ತದೆ, ರಿಮ್ಮಿನ ಬೋಲ್ಟಿನ ತೂತುಗಳು ಮೊಟ್ಟೆಯಾಕಾರಕ್ಕೆ ತಿರುಗುತ್ತವೆ, ಚಾಸಿಯ ಬೆಸುಗೆ ಬಿರಿಯುತ್ತದೆ. ಪಂಕ್ಚರಿನ ಖರ್ಚು ಉಳಿಯಿತೆಂದು ಲೆಕ್ಕ ಹಾಕುವಾಗ ವೆಲ್ಡಿಂಗ್ ಅಂಗಡಿಯ ಖರ್ಚನ್ನು ಬಿಡುವಂತಿಲ್ಲ.

ಶಾಖ: ಕಬ್ಬಿನ ಟ್ರೇಲರ್‌ನ ಲೆಕ್ಕ

ಮೂರು ದೋಷಗಳಲ್ಲಿ ಭಾರವೂ ತಾಡನವೂ ಮೊದಲ ದಿನವೇ ತಿಳಿಯುತ್ತವೆ. ಶಾಖ ಮಾತ್ರ ಒಳಗೇ ಅಡಗಿರುತ್ತದೆ. ಅದರಿಂದಾಗಿ ನಿರ್ಣಾಯಕವಾದುದೂ ಅದೇ.

ಉರುಳುವ ಟೈರಿನ ಪ್ರತಿ ಭಾಗವೂ ನೆಲಕ್ಕೆ ಬಂದಾಗ ಬಾಗುತ್ತದೆ, ಮೇಲೆದ್ದಾಗ ನೇರವಾಗುತ್ತದೆ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಶಾಖ ಹುಟ್ಟುತ್ತದೆ. ಗಟ್ಟಿ ರಸ್ತೆಯ ಮೇಲೆ ಉರುಳುವಿಕೆಯ ತಡೆಯ ಬಹುಪಾಲು ಹೀಗೆ ಟೈರಿನೊಳಗೇ ಶಾಖವಾಗುತ್ತದೆ. ಟ್ರೇಲರ್‌ನ ಒಂದು ಚಕ್ರದ ಮೇಲೆ 2 ಟನ್, ಎಂದರೆ 20,000 ನ್ಯೂಟನ್ ಭಾರವಿದೆಯೆಂದೂ, ಕುಳಗೇರಿ ಕ್ರಾಸಿನ ಆಸುಪಾಸಿನ ಹೊಲದಿಂದ ಕಾರ್ಖಾನೆ 30 ಕಿ.ಮೀ. ದೂರವಿದೆಯೆಂದೂ ಇಟ್ಟುಕೊಳ್ಳೋಣ. ಗಾಳಿಟೈರಿನ ತಡೆಯನ್ನು ಭಾರದ ನೂರಕ್ಕೆ ಒಂದೂವರೆಯೆಂದು ಹಿಡಿದರೆ ತಡೆಯ ಬಲ 300 ನ್ಯೂಟನ್. 30 ಕಿ.ಮೀ.ಗೆ ಹುಟ್ಟುವ ಶಾಖ 90 ಲಕ್ಷ ಜೂಲ್. ತುಂಬಿದ ಟೈರಿನ ತಡೆಯನ್ನು ನೂರಕ್ಕೆ ಎರಡೂವರೆಯೆಂದು ಹಿಡಿದರೆ ಬಲ 500 ನ್ಯೂಟನ್, ಶಾಖ 150 ಲಕ್ಷ ಜೂಲ್. ಈ ಪ್ರಮಾಣಗಳು ಉದಾಹರಣೆಗಾಗಿ ಆರಿಸಿದವು. ರಬ್ಬರಿನ ಜಾತಿಗೂ ರಸ್ತೆಯ ಸ್ಥಿತಿಗೂ ತಕ್ಕಂತೆ ಅವು ಬದಲಾಗುತ್ತವೆ, ಆದರೆ ತೀರ್ಮಾನ ಬದಲಾಗುವುದಿಲ್ಲ.

ಶಾಖ ಎಷ್ಟು ಹುಟ್ಟಿತು ಎಂಬುದಕ್ಕಿಂತ ಅದು ಹೊರಬರಲು ಎಷ್ಟು ಹೊತ್ತು ಬೇಕು ಎಂಬುದು ಮುಖ್ಯ. ರಬ್ಬರಾಗಲಿ ಪಾಲಿಯುರೆಥೇನ್ ಆಗಲಿ ಶಾಖವನ್ನು ಬಹಳ ನಿಧಾನವಾಗಿ ಹರಿಯಗೊಡುತ್ತವೆ. ದಪ್ಪ ಹತ್ತುಪಟ್ಟಾದರೆ ಶಾಖ ದಾಟುವ ಕಾಲ ನೂರುಪಟ್ಟಾಗುತ್ತದೆ. ಒಂದು ಸೆಂಟಿಮೀಟರ್ ದಪ್ಪದ ಪದರವನ್ನು ದಾಟಲು ಸುಮಾರು ಕಾಲುಗಂಟೆ ಸಾಕು, ಹತ್ತು ಸೆಂಟಿಮೀಟರ್ ದಾಟಲು ಒಂದು ದಿನಕ್ಕೂ ಮಿಕ್ಕಿ ಬೇಕು. ಗಾಳಿಟೈರಿನ ಗೋಡೆ ತೆಳು. ಹುಟ್ಟಿದ ಶಾಖ ಅತ್ತ ಹೊರಗಾಳಿಗೂ ಇತ್ತ ಒಳಗಾಳಿಗೂ ಬೇಗ ಬಿಟ್ಟುಹೋಗುತ್ತದೆ. ತುಂಬಿದ ಟೈರಿನಲ್ಲಿ ನಡುವಿನ ತಿರುಳಿನ ಶಾಖಕ್ಕೆ ಹೊರದಾರಿಯೇ ಇಲ್ಲದಂತಾಗುತ್ತದೆ.

ಹೊದಿಕೆ 40 ಕಿಲೋ, ಫೋಮ್ ಸುಮಾರು 70 ಕಿಲೋ, ಒಟ್ಟು 110 ಕಿಲೋ ವಸ್ತುವಿಗೆ 150 ಲಕ್ಷ ಜೂಲ್ ಶಾಖ ಸೇರಿದರೆ, ಏನೂ ಹೊರಹೋಗದ ಪಕ್ಷದಲ್ಲಿ ಉಷ್ಣತೆ ಸುಮಾರು 70 ಡಿಗ್ರಿ ಏರುತ್ತದೆ. ಹೊರಮೈಯಿಂದ ಒಂದು ಪಾಲು ಹೊರಹೋಗುವುದು ನಿಶ್ಚಯ, ಆದರೆ ತಿರುಳಿನಲ್ಲಿ ಈ ಏರಿಕೆಯ ದೊಡ್ಡ ಭಾಗ ಉಳಿದುಬಿಡುತ್ತದೆ. ಹಗಲಿನ 30 ಡಿಗ್ರಿಯ ಮೇಲೆ ಅದನ್ನು ಕೂಡಿದರೆ 100 ಡಿಗ್ರಿಯ ಸಮೀಪಕ್ಕೆ ಬರುತ್ತೇವೆ. ಸಾಮಾನ್ಯ ಪಾಲಿಯುರೆಥೇನ್ ದೀರ್ಘಕಾಲ ತಾಳಿಕೊಳ್ಳುವ ಮಿತಿ 80ರಿಂದ 100 ಡಿಗ್ರಿ. ಇದು ಒಂದೂವರೆ ಗಂಟೆಯ ಒಂದೇ ಖೇಪಿನ ಲೆಕ್ಕ. ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ನಾಲ್ಕಾರು ಗಂಟೆ ನಿಂತರೂ ತಿರುಳು ತಣಿದಿರುವುದಿಲ್ಲ. ಎರಡನೆಯ ಖೇಪು ಆ ಬಿಸಿಯ ಮೇಲೆಯೇ ಆರಂಭವಾಗುತ್ತದೆ. ಸಾಲದ್ದಕ್ಕೆ ಟ್ರೇಲರ್‌ಗೆ ಅಳತೆ ಮೀರಿ ಹೇರುವ ರೂಢಿಯೂ ಇದೆ. ಭಾರ ಒಂದೂವರೆ ಪಟ್ಟಾದರೆ ಶಾಖ ಕನಿಷ್ಠ ಒಂದೂವರೆ ಪಟ್ಟಾಗುತ್ತದೆ. ಫೋಮ್ ತುಂಬಿದ ಟೈರು ಹೆದ್ದಾರಿಯ ಓಟಕ್ಕೆ ಸಲ್ಲದು ಎಂದು ತಯಾರಕರು ಹೇಳುವುದರ ಹಿಂದಿರುವ ಕಾರಣವಿದು.

ಇಳಕಲ್ಲಿನ ಗಣಿಯ ಲೋಡರ್

ಇದೇ ಲೆಕ್ಕವನ್ನು ಗ್ರಾನೈಟ್ ಗಣಿಯಲ್ಲಿ ದುಡಿಯುವ ಚಕ್ರದ ಲೋಡರ್‌ಗೆ ಅನ್ವಯಿಸಿ ನೋಡೋಣ. ಸುಮಾರು 17 ಟನ್ನಿನ ಲೋಡರ್‌ಗೆ 23.5-25 ಅಳತೆಯ ನಾಲ್ಕು ಟೈರುಗಳಿರುತ್ತವೆ. ಅಳತೆಯಿಂದ ಎಣಿಸಿದರೆ ಒಂದೊಂದರ ಒಳಗಾತ್ರ 700ರಿಂದ 800 ಲೀಟರ್. ಎಂದರೆ ಒಂದು ಟೈರಿಗೆ ಸುಮಾರು ಮುಕ್ಕಾಲು ಟನ್ ಫೋಮ್, ನಾಲ್ಕಕ್ಕೆ ಮೂರು ಟನ್. ಹೊದಿಕೆಯೂ ಸೇರಿ ಒಂದು ಟೈರಿನ ತೂಕ ಸುಮಾರು 1,200 ಕಿಲೋ.

ಲೋಡರ್ ಕಲ್ಲನ್ನು ಎತ್ತುತ್ತದೆ, ಐವತ್ತು ಅರವತ್ತು ಮೀಟರ್ ಸಾಗುತ್ತದೆ, ಇಳಿಸಿ ಹಿಂದಕ್ಕೆ ಬರುತ್ತದೆ, ನಡುವೆ ನಿಲ್ಲುತ್ತದೆ. ಆರು ಗಂಟೆಯ ಪಾಳಿಯಲ್ಲಿ ಒಟ್ಟು 24 ಕಿ.ಮೀ. ಉರುಳಿತು, ಮುಂದಿನ ಚಕ್ರದ ಸರಾಸರಿ ಭಾರ 6 ಟನ್ ಎಂದು ಹಿಡಿಯೋಣ. ಟೈರಿನೊಳಗಿನ ತಡೆ ನೂರಕ್ಕೆ ಎರಡೂವರೆಯಾದರೆ ಬಲ 1,500 ನ್ಯೂಟನ್, ಇಡೀ ಪಾಳಿಯ ಶಾಖ 360 ಲಕ್ಷ ಜೂಲ್. ಟ್ರೇಲರ್‌ನದಕ್ಕಿಂತ ಇದು ಎರಡು ಪಟ್ಟಿಗೂ ಹೆಚ್ಚು. ಆದರೆ ಅದು ಹರಡಿಕೊಳ್ಳುವುದು 1,200 ಕಿಲೋ ವಸ್ತುವಿನಲ್ಲಿ. ಏನೂ ಹೊರಹೋಗದಿದ್ದರೂ ಏರಿಕೆ ಸುಮಾರು 16 ಡಿಗ್ರಿ ಮಾತ್ರ. ಬೇಸಿಗೆಯ 40 ಡಿಗ್ರಿಯಲ್ಲೂ ತಿರುಳು 60ನ್ನು ದಾಟುವುದಿಲ್ಲ. ಅಲ್ಲಿ ಟ್ರೇಲರ್‌ಗೆ ಒಂದೂವರೆ ಗಂಟೆಯಲ್ಲಿ 70 ಡಿಗ್ರಿ, ಇಲ್ಲಿ ಲೋಡರ್‌ಗೆ ದಿನದ ಪಾಳಿಯಲ್ಲಿ 16. ಒಂದೇ ವಸ್ತು ಒಂದೆಡೆ ಕೆಡುವುದಕ್ಕೂ ಇನ್ನೊಂದೆಡೆ ಬಾಳುವುದಕ್ಕೂ ಇಷ್ಟೇ ಕಾರಣ.

ಗಣಿಯಲ್ಲಿ ಉಳಿದ ಎರಡು ದೋಷಗಳೂ ಮೆತ್ತಗಾಗುತ್ತವೆ. ಮೂರು ಟನ್ನಿನ ಹೆಚ್ಚುವರಿ ಭಾರ ಕೆಳಗೇ ಇರುವುದರಿಂದ ಕಲ್ಲೆತ್ತುವ ಯಂತ್ರ ಸ್ಥಿರವಾಗುತ್ತದೆ. ಇಂಧನ ಹೆಚ್ಚು ಬೇಕಾಗುವುದು, ಅಚ್ಚು ಮತ್ತು ಬ್ರೇಕು ಬೇಗ ಸವೆಯುವುದು ಅದರ ಬೆಲೆ. ತಾಡನ ಮಾತ್ರ ಉಳಿಯುತ್ತದೆ. ನಿಧಾನಗತಿ ಅದನ್ನು ತಗ್ಗಿಸುತ್ತದೆ, ಒಳ್ಳೆಯ ಸ್ಪ್ರಿಂಗು ಆಸನ ಇನ್ನಷ್ಟು ತಗ್ಗಿಸುತ್ತದೆ. ಕಲ್ಲಿನ ಅಲಗು ಟೈರಿನ ಪಕ್ಕೆಯನ್ನು ಸೀಳಿದರೂ ಯಂತ್ರ ನಿಲ್ಲುವುದಿಲ್ಲ ಎಂಬ ಲಾಭ ಇಲ್ಲಿ ದೊಡ್ಡದು. ಕಲ್ಲಿನ ದಿಮ್ಮಿ ಎತ್ತಿ ನಿಂತಿರುವಾಗ ಒಂದು ಟೈರು ಥಟ್ಟನೆ ಕುಸಿದರೆ ಯಂತ್ರ ವಾಲುವ ಅಪಾಯವೂ ತಪ್ಪುತ್ತದೆ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಅದೇ ಲೋಡರ್ ಅನ್ನು ಬೇರೊಂದು ಗಣಿಗೆ ಸಾಗಿಸಬೇಕಾದಾಗ ಚಾಲಕ ರಸ್ತೆಯ ಮೇಲೆ ಓಡಿಸಿಕೊಂಡು ಹೋದರೆ, ಪಾಳಿಗಟ್ಟಲೆ ಕೆಡದ ಟೈರು ಆ ಒಂದೇ ಪ್ರಯಾಣದಲ್ಲಿ ಕೆಡಬಹುದು. ಅದನ್ನು ಟ್ರೇಲರ್ ಲಾರಿಯ ಮೇಲೆ ಹೇರಿ ಸಾಗಿಸುವುದೇ ಸರಿ.

ಕೆಡುವಿಕೆಯ ಲಕ್ಷಣಗಳು

ಗಾಳಿಟೈರು ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ತುಂಬಿದ ಟೈರು ಹೊರಗೆ ಸರಿಯಾಗಿಯೇ ಕಾಣುತ್ತ ಒಳಗೆ ಕೆಡುತ್ತದೆ. ಮೊದಲ ಸೂಚನೆ ವಾಸನೆ. ಬಳಿಕ ಯಂತ್ರ ಒಂದು ಸುತ್ತಿಗೊಮ್ಮೆ ಎತ್ತಿಹಾಕಿದಂತಾಗುತ್ತದೆ, ಒಳಗಿನ ಫೋಮು ಹೊದಿಕೆಯಿಂದ ಬಿಟ್ಟುಕೊಂಡು ಬೇರೆಯಾಗಿ ತಿರುಗುತ್ತಿದೆ ಎಂದು ಅದರರ್ಥ. ಆಮೇಲೆ ಪಕ್ಕೆಯಲ್ಲಿ ಉಬ್ಬು, ಹಳೆಯ ಸೀಳಿನಿಂದ ಅಥವಾ ವಾಲ್ವಿನಿಂದ ಅಂಟಾದ ದ್ರವ ಒಸರುವುದು. ಘನ ಪಾಲಿಯುರೆಥೇನ್ ಶಾಖಕ್ಕೆ ಕೆಟ್ಟು ಮತ್ತೆ ದ್ರವವಾಗುತ್ತಿರುವುದರ ಗುರುತದು. ಘನರಬ್ಬರಿನಲ್ಲಿ ತಿರುಳು ಜಿಗುಟಾಗಿ ಒಳಗೇ ಅನಿಲ ಕಟ್ಟಿಕೊಂಡು ಪಕ್ಕೆ ಒಡೆದು ಹೊರಬರುವುದುಂಟು. ಗಾಳಿಯೇ ಇಲ್ಲದ ಟೈರೂ ಹೀಗೆ ಒಡೆಯಬಲ್ಲದು. ಒಂದು ಬಾರಿ ಕೆಟ್ಟ ಫೋಮಿಗೆ ದುರಸ್ತಿಯಿಲ್ಲ. ಮೇಲ್ಪದರ ಸವೆದಾಗಲೂ ಹೊದಿಕೆ, ಫೋಮು ಎರಡನ್ನೂ ಕತ್ತರಿಸಿ ತೆಗೆಯಬೇಕು, ರಿಮ್ಮು ಮಾತ್ರ ಮರಳಿ ಬಳಕೆಗೆ ಬರುತ್ತದೆ.

ಗಾಳಿಯನ್ನು ಉಳಿಸಿಕೊಂಡೇ ಮುಳ್ಳಿಗೆ ಪರಿಹಾರ

ಟ್ರೇಲರ್‌ಗೆ ಫೋಮ್ ಸಲ್ಲದೆಂದ ಮೇಲೆ ಮುಳ್ಳಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದಕ್ಕೆ ಉತ್ತರ ಹುಡುಕುವ ಮೊದಲು ಟೈರು ಮುಳ್ಳಿನಿಂದಲೇ ಕೆಟ್ಟಿತೇ ಎಂದು ಪರೀಕ್ಷಿಸಬೇಕು. ಬಿಚ್ಚಿದ ಟೈರಿನೊಳಗೆ ಕರಿಯ ರಬ್ಬರು ಪುಡಿ ಉದುರಿದ್ದರೆ, ಪಕ್ಕೆಯ ಒಳಮೈಯಲ್ಲಿ ಸುತ್ತಲೂ ಒಂದೇ ಸಾಲಿನಲ್ಲಿ ಬಿರುಕು ಬಿದ್ದಿದ್ದರೆ, ಅದು ಕಡಿಮೆ ಗಾಳಿಯಲ್ಲಿ ಅಥವಾ ಮಿತಿಮೀರಿದ ಭಾರದಲ್ಲಿ ಓಡಿದ ಟೈರು. ಅಂಥದಕ್ಕೆ ಮುಳ್ಳು ನೆಪ ಮಾತ್ರ, ಗಾಳಿಯ ಒತ್ತಡವನ್ನು ಅಳೆದು ತುಂಬುವುದೇ ಮದ್ದು.

ನಿಜವಾಗಿ ಮುಳ್ಳು ಚುಚ್ಚಿದ್ದಾದರೆ, ಟ್ಯೂಬಿಗೆ ತೇಪೆ ಹಾಕಿ ಕೂರಿಸುವುದರಿಂದ ಕೆಲಸ ಮುಗಿಯುವುದಿಲ್ಲ. ಜಾಲಿಮುಳ್ಳು ರಬ್ಬರಿನೊಳಗೆ ಮುರಿದು ತುದಿ ಅಲ್ಲೇ ಉಳಿಯುತ್ತದೆ, ಭಾರ ಬಿದ್ದಾಗ ಮತ್ತೆ ಹೊರಚಾಚಿ ಹೊಸ ಟ್ಯೂಬನ್ನೂ ಚುಚ್ಚುತ್ತದೆ. ಟೈರಿನ ಒಳಮೈಯನ್ನು ಹತ್ತಿಬಟ್ಟೆಯಿಂದ ಒರೆಸಿದರೆ ತುದಿ ಸಿಕ್ಕಿದಲ್ಲಿ ಬಟ್ಟೆ ಹಿಡಿದುಕೊಳ್ಳುತ್ತದೆ. ಅದನ್ನು ಇಕ್ಕಳದಿಂದ ಒಳಗಡೆಯಿಂದಲೇ ಕೀಳಬೇಕು. ಟ್ಯೂಬಿಗೂ ಟೈರಿಗೂ ನಡುವೆ ದಪ್ಪ ರಬ್ಬರಿನ ಪಟ್ಟಿ ಹಾಕುವುದು ಹಳೆಯ, ಅಗ್ಗದ ಉಪಾಯ. ತೂತು ಮುಚ್ಚುವ ದ್ರವವನ್ನು ಟ್ಯೂಬಿಗೆ ಹಾಕುವುದು ಇನ್ನೊಂದು ಉಪಾಯ. ಮುಳ್ಳಿನಷ್ಟು ಸಣ್ಣ ತೂತನ್ನು ಅದು ಮುಚ್ಚಬಲ್ಲದು, ಪಕ್ಕೆಯ ಸೀಳನ್ನು ಮುಚ್ಚಲಾರದು. ಇವು ಯಾವುವೂ ‘ಪಂಕ್ಚರೇ ಇಲ್ಲ’ ಎಂಬ ಭರವಸೆ ಕೊಡುವುದಿಲ್ಲ. ಆದರೆ ಗಾಳಿಯ ಮೂರು ಗುಣಗಳನ್ನೂ ಉಳಿಸಿಕೊಡುತ್ತವೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯ ಇಷ್ಟು. ಟೈರಿನಿಂದ ಗಾಳಿಯನ್ನು ತೆಗೆದರೆ ಕೆಡುವಿಕೆ ಇಲ್ಲವಾಗುವುದಿಲ್ಲ, ಅದರ ಬಗೆ ಬದಲಾಗುತ್ತದೆ. ಹೊರಗಿನ ಮುಳ್ಳಿನ ಬದಲು ಒಳಗಿನ ಶಾಖ ಶತ್ರುವಾಗುತ್ತದೆ. ಹರಿತ ನೆಲದ ಮೇಲೆ, ಚಿಕ್ಕ ದೂರದಲ್ಲಿ, ನಡಿಗೆಯಷ್ಟೇ ವೇಗದಲ್ಲಿ ದೊಡ್ಡ ಟೈರು ದುಡಿಯುವಲ್ಲಿ ಈ ವಿನಿಮಯ ಲಾಭದಾಯಕ. ಇಳಕಲ್ಲಿನ ಗಣಿಯ ಲೋಡರ್ ಅದಕ್ಕೆ ನಿದರ್ಶನ. ಡಾಂಬರಿನ ಮೇಲೆ, ಕಿಲೋಮೀಟರುಗಟ್ಟಲೆ ದೂರ, ಚಿಕ್ಕ ಟೈರಿನ ಮೇಲೆ ದೊಡ್ಡ ಭಾರ ಸಾಗುವಲ್ಲಿ ಅದು ನಷ್ಟಕರ. ಕುಳಗೇರಿ ಕ್ರಾಸಿನಲ್ಲಿ ಹಾಯುವ ಕಬ್ಬಿನ ಟ್ರೇಲರ್ ಅದಕ್ಕೆ ನಿದರ್ಶನ. ಚಕ್ಕಡಿ ಇವೆರಡರ ನಡುವಿನದು. ಅಲ್ಲಿ ಟೈರು ಬಾಳುತ್ತದೆ, ಎತ್ತು ದಣಿಯುತ್ತದೆ. ಆದುದರಿಂದ ಕೊಳ್ಳುವವರು ಟೈರಿನಲ್ಲಿ ಏನು ತುಂಬಿದೆ ಎಂದು ಕೇಳುವುದಕ್ಕೆ ಮೊದಲು, ಅದು ಎಷ್ಟು ಭಾರ ಹೊತ್ತು, ಎಷ್ಟು ವೇಗದಲ್ಲಿ, ನಿಲ್ಲದೆ ಎಷ್ಟು ದೂರ ಉರುಳಬೇಕು ಎಂಬ ಮೂರು ಸಂಖ್ಯೆಗಳನ್ನು ಬರೆದುಕೊಳ್ಳುವುದು ಉಚಿತ.